ಎರಡು ತಂಡಗಳ ಗಾತ್ರ ಒಂದೇ ಇದ್ದರೆ 2!ರಿಂದ ಭಾಗಿಸಬೇಕೇ?

ಪ್ರಶ್ನೆ: 10 ಜನರಲ್ಲಿ 4 ಜನರನ್ನು ಸ್ವಾಗತಕ್ಕೆ, 3 ಜನರನ್ನು ವೇದಿಕೆಗೆ, 3 ಜನರನ್ನು ಲೆಕ್ಕಪತ್ರಕ್ಕೆ ಹಾಕಬೇಕು. ನನಗೆ 4200 ರೀತಿ ಅಂತ ಉತ್ತರ ಬಂತು. ಮೂವರ ತಂಡ ಎರಡಿವೆಯಲ್ಲ, 2!ರಿಂದ ಭಾಗಿಸು, 2100 ಸರಿ ಅನ್ನುತ್ತಾಳೆ ಗೆಳತಿ. ಯಾರದು ಸರಿ ಸರ್?

ಉತ್ತರ: ನಿಮ್ಮದೇ ಸರಿ. ಆದರೆ ನಿಮ್ಮ ಗೆಳತಿ ಹೇಳಿದ ಭಾಗಾಕಾರಕ್ಕೂ ಒಂದು ಜಾಗವಿದೆ. ಅದು ಈ ಲೆಕ್ಕವಲ್ಲ, ಅಷ್ಟೆ.

ಹತ್ತೂ ಜನರನ್ನು ಸಾಲಾಗಿ ನಿಲ್ಲಿಸಿ. ಮೊದಲ ನಾಲ್ವರು ಸ್ವಾಗತಕ್ಕೆ, ಮುಂದಿನ ಮೂವರು ವೇದಿಕೆಗೆ, ಉಳಿದ ಮೂವರು ಲೆಕ್ಕಪತ್ರಕ್ಕೆ. ಸಾಲುಗಳು ಒಟ್ಟು 10!. ಸ್ವಾಗತದ ನಾಲ್ವರು ತಮ್ಮತಮ್ಮಲ್ಲೇ ಜಾಗ ಬದಲಿಸಿಕೊಂಡರೆ ಸಾಲು ಬೇರೆಯಾಗುತ್ತದೆ, ಹಂಚಿಕೆ ಬೇರೆಯಾಗುವುದಿಲ್ಲ. ಅದಕ್ಕೇ 4!ರಿಂದ ಭಾಗಿಸುತ್ತೇವೆ. ಮೂವರ ತಂಡಗಳಿಗೂ ಹೀಗೆಯೇ:

10! / (4! · 3! · 3!) = 3628800 / 864 = 4200

ಇದೇ ಬಹುಪದ ಗುಣಾಂಕ. ಇಲ್ಲಿ ಭಾಗಿಸಿದ್ದು ತಂಡದ ಒಳಗಿನ ಅದಲುಬದಲನ್ನು ಮಾತ್ರ. ವೇದಿಕೆಯ ಮೂವರನ್ನೂ ಲೆಕ್ಕಪತ್ರದ ಮೂವರನ್ನೂ ಪರಸ್ಪರ ಬದಲಿಸಿದರೆ ಅವರ ಕೆಲಸವೇ ಬದಲಾಗುತ್ತದೆ. ಅದು ನಿಜಕ್ಕೂ ಹೊಸ ಹಂಚಿಕೆ, ಅದನ್ನು ಅಳಿಸುವಂತಿಲ್ಲ.

ಸಂಶಯವಿದ್ದರೆ ಬರೆದು ನೋಡುವಷ್ಟು ಚಿಕ್ಕ ಲೆಕ್ಕ ಮಾಡಿ. ಅ, ಬ, ಕ, ಡ ಎಂಬ ನಾಲ್ವರಲ್ಲಿ ಇಬ್ಬರು ವೇದಿಕೆಗೆ, ಇಬ್ಬರು ಲೆಕ್ಕಪತ್ರಕ್ಕೆ. ವೇದಿಕೆಗೆ ಅಬ, ಅಕ, ಅಡ, ಬಕ, ಬಡ, ಕಡ, ಹೀಗೆ 6 ಆಯ್ಕೆ. ಸೂತ್ರವೂ 4!/(2!·2!) = 6 ಎನ್ನುತ್ತದೆ. ತಂಡಗಳಿಗೆ ಹೆಸರೇ ಇಲ್ಲದಿದ್ದರೆ "ಅಬ–ಕಡ" ಮತ್ತು "ಕಡ–ಅಬ" ಎರಡೂ ಒಂದೇ, ಉಳಿಯುವುದು 3.

ಹಾಗಾಗಿ ನಿಮ್ಮ ಪ್ರಶ್ನೆ "ಹತ್ತು ಜನರನ್ನು 4, 3, 3ರ ಗುಂಪುಗಳಾಗಿ ಒಡೆಯಿರಿ" ಎಂದಷ್ಟೇ ಇದ್ದಿದ್ದರೆ ಉತ್ತರ 2100. ಅಲ್ಲಿಯೂ ಮೂರು ಗುಂಪುಗಳಿವೆ ಎಂದು 3!ರಿಂದ ಭಾಗಿಸಬೇಡಿ. ನಾಲ್ವರ ಗುಂಪು ಗಾತ್ರದಿಂದಲೇ ಗುರುತು ಸಿಗುತ್ತದೆ, ಅದಲುಬದಲಾಗಬಲ್ಲವು ಸಮಗಾತ್ರದ ಆ ಎರಡು ಮಾತ್ರ.

ಚೆನ್ನಾಗಿ ಓದಿದವರೂ ಎಡವುವ ಜಾಗ ಇನ್ನೊಂದಿದೆ. ಗುಂಪುಗಳಿಗೆ ಹೆಸರಿಲ್ಲ, ಆದರೆ ಅ ಎಂಬಾತ ಮೂವರ ಗುಂಪೊಂದರಲ್ಲಿ ಇರಲೇಬೇಕು ಎಂದುಕೊಳ್ಳಿ. ಅವನ ಜೊತೆಗೆ ಇಬ್ಬರು, ಇನ್ನೊಂದು ಗುಂಪಿಗೆ ಮೂವರು, ದೊಡ್ಡದಕ್ಕೆ ನಾಲ್ವರು: 9!/(2!·3!·4!) = 1260. ಇದನ್ನು ಮತ್ತೆ 2ರಿಂದ ಭಾಗಿಸಿದರೆ ತಪ್ಪು. "ಅ ಇರುವ ಗುಂಪು" ಎಂಬುದೇ ಆ ಗುಂಪಿನ ಹೆಸರಾಗಿಬಿಟ್ಟಿದೆ, ಎರಡು ಸಲ ಎಣಿಕೆ ಆಗಿಯೇ ಇಲ್ಲ. ತಾಳೆ ನೋಡುವುದೂ ಸುಲಭ: 2100 ವಿಂಗಡಣೆಗಳಲ್ಲಿ ಯಾವ ವ್ಯಕ್ತಿಯಾದರೂ ಮೂವರ ಗುಂಪಿಗೆ ಬೀಳುವುದು 10ರಲ್ಲಿ 6 ಪಾಲು, ಅಂದರೆ 1260.