ಸೈಜ್ ಚಾರ್ಟ್ ಹಾಕಿದ್ರೂ ಕುರ್ತಿ ವಾಪಸ್ ಬರ್ತಿವೆ, ಯಾಕೆ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಿಂದ ಕಾಟನ್ ಕುರ್ತಿ ಆನ್‌ಲೈನ್‌ನಲ್ಲಿ ಮಾರ್ತೀನಿ. M ಅಂದ್ರೆ 38, L ಅಂದ್ರೆ 40, XL ಅಂದ್ರೆ 42 ಅಂತ ಚಾರ್ಟ್ ಹಾಕಿದೀನಿ, ಪೀಸ್ ಅಳೆದ್ರೂ ಕರೆಕ್ಟಾಗಿ ಅಷ್ಟೇ ಇದೆ. ಆದ್ರೂ ಎದೆ ಹತ್ರ ಟೈಟು, ತೋಳು ಟೈಟು ಅಂತ ವಾಪಸ್ ಕಳಿಸ್ತಾರೆ. ತಪ್ಪು ಎಲ್ಲಿದೆ?

ಉತ್ತರ: ಆ 40 ಅನ್ನೋದು ಬಟ್ಟೆ ಅಳತೆನಾ ಮೈ ಅಳತೆನಾ ಅಂತ ನಿಮ್ ಚಾರ್ಟ್ ಎಲ್ಲೂ ಹೇಳ್ತಿಲ್ಲ, ತಪ್ಪು ಇರೋದು ಅಲ್ಲೇ. ನೀವು ಬರೆದಿರೋದು ಹೊಲಿದು ರೆಡಿಯಾದ ಕುರ್ತಿದು. ಆದ್ರೆ ಮನೇಲಿ ಟೇಪ್ ಹಿಡ್ಕೊಂಡು ಎದೆ ಸುತ್ತ ಅಳೆದಾಗ 40 ಬಂದ ಹೆಂಗಸು, ಸರಿ ನಂದು L ಅಂತ ಆರ್ಡರ್ ಮಾಡ್ತಾಳೆ. ಮೈನೂ 40, ಬಟ್ಟೆನೂ 40 ಆದ್ರೆ ಉಸಿರಾಡೋಕೆ, ಕೈ ಎತ್ತೋಕೆ ಜಾಗ ಎಲ್ಲಿ? ಸ್ಟ್ರೆಚ್ ಇಲ್ಲದ ಕಾಟನ್ ಸ್ಟ್ರೇಟ್ ಕುರ್ತಿಗೆ ಎದೆ ಹತ್ರ ಕಮ್ಮಿ ಅಂದ್ರೂ 2 ಇಂಚು, ಆರಾಮಾಗಿ ಇರ್ಬೇಕು ಅಂದ್ರೆ 3 ಇಂಚು ಲೂಸ್ ಬೇಕು. ಟೈಲರ್ ಹತ್ರ ಅಳತೆ ಕೊಟ್ಟಾಗ ಅವ್ರು ಹೇಳ್ದೆನೇ ಲೂಸ್ ಸೇರಿಸ್ಕೊಂಡು ಕಟ್ ಮಾಡ್ತಾರೆ, ಅದಕ್ಕೆ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಲೆಕ್ಕ ಗೊತ್ತೇ ಇರಲ್ಲ.

ಹಾಗಾಗಿ ಚಾರ್ಟ್‌ನಲ್ಲಿ ಎರಡು ಕಾಲಮ್ ಮಾಡಿ. ಮೊದಲ್ನೇದು "ನಿಮ್ಮ ಎದೆ ಅಳತೆ", ಅದ್ರ ಪಕ್ಕ "ಕುರ್ತಿಯ ಅಳತೆ". M ಕುರ್ತಿ 38 ಇದ್ರೆ ಮೈ 35–36, L ಕುರ್ತಿ 40 ಇದ್ರೆ ಮೈ 37–38, XL 42 ಇದ್ರೆ 39–40. ಕೆಳಗೆ ಒಂದೇ ಸಾಲು ಸಾಕು: "ಎರಡು ಸೈಜ್ ಮಧ್ಯೆ ಬಂದ್ರೆ ದೊಡ್ಡದು ತಗೊಳ್ಳಿ". ಇದ್ರ ಜೊತೆ ಇನ್ನೊಂದು ಸಾಲು ನಾನಂತೂ ಹಾಕ್ಲೇಬೇಕು ಅಂತೀನಿ: "ನಿಮಗೆ ಸರಿಯಾಗಿ ಕೂರೋ ಕುರ್ತಿನ ಹಾಸಿಗೆ ಮೇಲೆ ಹರಡಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದು ಡಬಲ್ ಮಾಡಿ, ಅದನ್ನ ಕುರ್ತಿಯ ಅಳತೆ ಜೊತೆ ಹೋಲಿಸಿ". ಮೈಗೆ ಟೇಪ್ ಹಿಡಿಯೋವಾಗ ಒಬ್ರು ಬಿಗಿಯಾಗಿ ಎಳೀತಾರೆ ಇನ್ನೊಬ್ರು ಸಡಿಲ ಬಿಡ್ತಾರೆ, ಹರಡಿಟ್ಟ ಬಟ್ಟೆ ಅಳೆಯೋದ್ರಲ್ಲಿ ಆ ತೊಂದ್ರೆ ಕಮ್ಮಿ.

ಇನ್ನು ತೋಳಿನ ವಿಷ್ಯ. ನಾನು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸದಲ್ಲಿದ್ದಾಗ ಇದನ್ನ ತುಂಬಾ ನೋಡಿದೀನಿ, ದೊಡ್ಡ ಸೈಜ್ ಮಾಡೋವಾಗ ಎದೆಗೆ 2 ಇಂಚು ಏರಿಸ್ತಾರೆ, ತೋಳಿನ ಸುತ್ತಳತೆಗೆ ಮಾತ್ರ ಅರ್ಧ ಇಂಚು ಏರಿಸಿ ಬಿಟ್ಬಿಡ್ತಾರೆ. ಅದಕ್ಕೆ XL, XXL ಹಾಕೋರಿಗೆ ಎದೆ ಸರಿ ಹೋದ್ರೂ ಮುಕ್ಕಾಲು ತೋಳಲ್ಲಿ ಕೈ ಹೋಗಲ್ಲ. ನಿಮ್ ಚಾರ್ಟ್‌ನಲ್ಲಿ ತೋಳಿನ ಅಳತೆನೇ ಇಲ್ಲ ಅಂದ್ಮೇಲೆ ಅವ್ರಿಗೆ ಮೊದ್ಲೇ ಗೊತ್ತಾಗೋದು ಹೆಂಗೆ? ತೋಳನ್ನ ಹರಡಿ ಕಂಕುಳಿಂದ 1 ಇಂಚು ಕೆಳಗೆ ಅಡ್ಡಕ್ಕೆ ಅಳೆದು ಡಬಲ್ ಮಾಡಿ ಹಾಕಿ. XLಗೆ 14 ಬಂತು ಅಂತಿಟ್ಕೊಳ್ಳಿ, 14 ಇಂಚಿನ ರಟ್ಟೆ ಇರೋರಿಗೆ ಅದು ಆಗಲ್ಲ ಅಂತ ಓದಿದ ತಕ್ಷಣ ತಿಳಿಯುತ್ತೆ. ಆದ್ರೆ ಚಾರ್ಟ್ ಇಷ್ಟೇ ಮಾಡೋಕಾಗೋದು, ತೋಳು ನಿಜಕ್ಕೂ ಸಣ್ಣದಿದ್ರೆ ಪ್ಯಾಟರ್ನನ್ನೇ ತಿದ್ದಿಸ್ಬೇಕು.

ಒಗೆದ್ಮೇಲೆ ಟೈಟ್ ಆಯ್ತು ಅನ್ನೋ ದೂರು ಬಂದಿದ್ರೆ ಅದು ಬೇರೆ ಕಥೆ. ಹೊಲಿಯೋಕೆ ಮುಂಚೆ ಥಾನಿಂದ ಒಂದು ತುಂಡು ತಗೊಂಡು ಉದ್ದಕ್ಕೂ ಅಗಲಕ್ಕೂ 20–20 ಇಂಚಿಗೆ ಅಳಿಸದ ಪೆನ್ನಲ್ಲಿ ಗುರುತು ಹಾಕಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. ಅಗಲ 19.2 ಆಗಿದ್ರೆ 4% ಕುಗ್ಗಿದೆ ಅಂತ ಲೆಕ್ಕ, ಅಂದ್ರೆ ನಿಮ್ಮ 40ರ ಕುರ್ತಿ 38.4ಕ್ಕೆ ಬಂತು, 38ರ ಮೈಗೆ ನೀವು ಬಿಟ್ಟಿದ್ದ ಲೂಸ್ ಹೆಚ್ಚು ಕಮ್ಮಿ ಎಲ್ಲಾ ಹೋಯ್ತು. ಇಂಥ ಬಟ್ಟೆನ ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಕಟ್ ಮಾಡಿಸಿ. ಆಗ್ಲೇ ಹೊಲಿದಾಗಿದ್ರೆ ಒಗೆದ ಮೇಲಿನ ಅಳತೆನೇ ಚಾರ್ಟ್‌ಗೆ ಹಾಕಿ. ಒಳಗೆ ಮಾರ್ಜಿನ್ ಇದ್ರೆ ಅದನ್ನೂ ಬರೀರಿ, ಎರಡೂ ಪಕ್ಕದ ಹೊಲಿಗೆಲಿ ಮುಂದೆ-ಹಿಂದೆ ಅರ್ಧರ್ಧ ಇಂಚು ಬಿಚ್ಚಿದ್ರೆ ಸುತ್ತಳತೆ 2 ಇಂಚು ಹೆಚ್ಚಾಗುತ್ತೆ, ಸ್ವಲ್ಪ ಟೈಟ್ ಆದ್ರೂ ಪಕ್ಕದ ಬೀದಿ ಟೈಲರ್ ಹತ್ರ ಬಿಡಿಸ್ಕೊಂಡು ಇಟ್ಕೊಳ್ಳೋರು ಇದಾರೆ.

ಈಗ ವಾಪಸ್ ಬಂದಿರೋ ಪೀಸ್‌ಗಳನ್ನ ಹಾಗೇ ಮತ್ತೆ ಸ್ಟಾಕ್‌ಗೆ ಸೇರಿಸ್ಬೇಡಿ, ಒಂದೊಂದನ್ನೂ ಅಳೆದು ಚೀಟಿಲಿ ಬರೆದಿಡಿ. ಚಾರ್ಟ್‌ಗೂ ಪೀಸ್‌ಗೂ ಅರ್ಧ ಇಂಚಿನ ಒಳಗೆ ವ್ಯತ್ಯಾಸ ಇದ್ರೆ ಚಾರ್ಟ್ ತಿದ್ದಿ, ಅದಕ್ಕಿಂತ ಜಾಸ್ತಿ ಇದ್ರೆ ಆ ಚೀಟಿ ತಗೊಂಡು ಕಟಿಂಗ್ ಮಾಸ್ಟರ್ ಹತ್ರ ಹೋಗಿ.