ಲೂಪ್ ಮುಚ್ಚಿದ ಮೇಲೆ ಪೋಲ್‌ಗಳು ಎಲ್ಲಿಗೆ ಹೋಗ್ತವೆ

ಪ್ರಶ್ನೆ: ನನ್ನ ಪ್ಲಾಂಟ್‌ನ ಮೂರೂ ಪೋಲ್ ಎಡಗಡೆನೇ ಇವೆ, ಆದ್ರೂ ಫೀಡ್‌ಬ್ಯಾಕ್ ಕೊಟ್ಟು ಗೇನ್ ಏರಿಸಿದ್ರೆ ಸಿಸ್ಟಮ್ ಅನ್‌ಸ್ಟೇಬಲ್ ಆಗುತ್ತೆ, ಯಾಕೆ?

ನೀವು ನೋಡ್ತಿರೋದು ಓಪನ್ ಲೂಪ್ ಪೋಲ್‌ಗಳು. ಲೂಪ್ ಮುಚ್ಚಿದ ಮೇಲೆ ಅವು ಅಲ್ಲೇ ಕೂತಿರಲ್ಲ, ಹೊಸ ಪೋಲ್‌ಗಳು 1 + G(s) = 0 ಅನ್ನೋದರ ರೂಟ್‌ಗಳು, ತೀರ್ಮಾನ ಅವುಗಳದ್ದು.

ಮಂಡ್ಯದಲ್ಲಿ ಡಿಪ್ಲೊಮಾ ಹುಡುಗರಿಗೆ ನಾನು ಇದನ್ನ ಲ್ಯಾಬ್‌ನಲ್ಲಿ ಕಟ್ಟಿಸ್ತೀನಿ. 1 ಮೆಗಾಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಇಂಥ ಮೂರು ಹಂತ, ನಡುನಡುವೆ ಆಪ್‌ಆಂಪ್ ಬಫರ್. ಟೈಮ್ ಕಾನ್ಸ್ಟಂಟ್ 1 ಸೆಕೆಂಡ್, ಅಂದ್ರೆ G(s) = K/(s+1)^3, ಮೂರೂ ಪೋಲ್ -1ರಲ್ಲಿ. ಲೂಪ್ ಮುಚ್ಚಿದ್ರೆ (s+1)^3 = -K ಆಗುತ್ತೆ, ಇದನ್ನ ಕೈಯಲ್ಲೇ ಬಿಡಿಸಬಹುದು.

K = 1 ಇಟ್ರೆ ಪೋಲ್‌ಗಳು -2 ಮತ್ತು -0.5 ± j0.866. ಆ ಜೋಡಿಯಿಂದ ಬರೋ ರೆಸ್ಪಾನ್ಸ್ e^(-0.5t) ಥರ ಇಳಿಯುತ್ತೆ, ಸುಮಾರು 1.4 ಸೆಕೆಂಡಿಗೊಮ್ಮೆ ಅರ್ಧ ಆಗ್ತಾ ಹೋಗಿ ಸುಮ್ಮನಾಗುತ್ತೆ. K = 27 ಮಾಡಿ ನೋಡಿ:

```
roots([1 3 3 28])
```

-4 ಮತ್ತು 0.5 ± j2.598 ಬರುತ್ತೆ. ಮೈನಸ್ ಹೋಗಿ ಪ್ಲಸ್ ಬಂತು ಅಷ್ಟೇ, ಈಗ ಅದೇ 1.4 ಸೆಕೆಂಡಿಗೊಮ್ಮೆ ಆಸಿಲೇಶನ್ ಎರಡರಷ್ಟು ಆಗುತ್ತೆ. ಒಂದು ಪೋಲ್ ಇನ್ನೂ ಎಡಕ್ಕೆ ಹೋಗಿದೆ ನಿಜ, ಆದ್ರೆ ಅದರಿಂದ ಏನೂ ಉಪಯೋಗ ಇಲ್ಲ, ಬೆಳೆಯೋ ಒಂದು ಜೋಡಿ ಇದ್ರೆ ಸಾಕು ಔಟ್‌ಪುಟ್ ಕೈತಪ್ಪುತ್ತೆ. ಬೋರ್ಡ್ ಮೇಲೆ ಮಾತ್ರ ಅದು ಅನಂತಕ್ಕೆ ಹೋಗಲ್ಲ, ಆಪ್‌ಆಂಪ್ ಸಪ್ಲೈ ವೋಲ್ಟೇಜ್ ಹತ್ರ ಹೋಗಿ ತಲೆ ಚಪ್ಪಟೆ ಆಗುತ್ತೆ.

ಗಡಿ K = 8, ಆಗ ಜೋಡಿ ಸರಿಯಾಗಿ ±j1.732ರಲ್ಲಿ ಕೂರುತ್ತೆ. ಈ 8 ಎಲ್ಲಿಂದ ಬಂತು ಅನ್ನೋದೇ ನಿಮ್ಮ ಪ್ರಶ್ನೆಗೆ ಅಸಲಿ ಉತ್ತರ. ಆ ಫ್ರೀಕ್ವೆನ್ಸಿಯಲ್ಲಿ ಒಂದೊಂದು ಹಂತವೂ ಸಿಗ್ನಲ್‌ನ ಅರ್ಧ ಮಾಡಿ 60 ಡಿಗ್ರಿ ತಡ ಮಾಡುತ್ತೆ, ಮೂರು ಸೇರಿದ್ರೆ ಎಂಟನೇ ಒಂದು ಭಾಗ, 180 ಡಿಗ್ರಿ ತಡ. ತಡೀಬೇಕಾದ ನೆಗೆಟಿವ್ ಫೀಡ್‌ಬ್ಯಾಕ್ ಅಷ್ಟೊತ್ತಿಗೆ ತಿರುಗಿ, ಜೋಕಾಲಿ ಹೋಗೋ ಕಡೆಗೇ ತಳ್ಳಿದ ಹಾಗೆ ತಳ್ಳುತ್ತೆ, ಗೇನ್ 8 ಇದ್ರೆ ಕಳ್ಕೊಂಡಿದ್ದಷ್ಟೂ ವಾಪಸ್ ಸಿಕ್ಕಿಬಿಡುತ್ತೆ. ಒಂದು ಸುತ್ತಿಗೆ ಸುಮಾರು 3.6 ಸೆಕೆಂಡ್, ಮುಳ್ಳಿನ ಮೀಟರ್‌ನಲ್ಲೂ ಚೆನ್ನಾಗಿ ಕಾಣುತ್ತೆ, ಅದನ್ನ ನೋಡೋದು ನನಗೆ ಇವತ್ತಿಗೂ ಖುಷಿ.

ಬಿಡಿಭಾಗಗಳು ಲೆಕ್ಕದಷ್ಟೇ ಇರಲ್ಲ, ಮೂರು ಟೈಮ್ ಕಾನ್ಸ್ಟಂಟ್ ಬೇರೆಬೇರೆ ಆದ್ರೆ ಗಡಿ 8ಕ್ಕಿಂತ ಮೇಲಕ್ಕೇ ಹೋಗುತ್ತೆ. ಒಂದ್ಸಲ ಒಂದು ಬ್ಯಾಚ್ ಗೇನ್ 15ಕ್ಕೆ ಏರಿಸಿದ್ರೂ ಆಸಿಲೇಶನ್ ಉಳೀತಾ ಇರ್ಲಿಲ್ಲ, ಪ್ರತಿಸಲ ಇಳಿದು ಸುಮ್ಮನಾಗ್ತಿತ್ತು, ಥಿಯರಿ ತಪ್ಪು ಅಂತ ಹುಡುಗರು ವಾದ ಮಾಡಿದ್ರು. ನೋಡಿದ್ರೆ ಬಫರ್ ಹಾಕದೆ ಮೂರೂ ಹಂತಾನ ನೇರ ಸೇರಿಸಿದ್ರು. ಹಂತಗಳು ಒಂದನ್ನೊಂದು ಲೋಡ್ ಮಾಡಿ ಪೋಲ್‌ಗಳು -0.198, -1.555, -3.247ಕ್ಕೆ ಚದುರಿದ್ವು, ಕ್ಯಾರೆಕ್ಟರಿಸ್ಟಿಕ್ ಈಕ್ವೇಶನ್ s^3 + 5s^2 + 6s + 1 + K = 0 ಆಯ್ತು. ರೌತ್ ಹಾಕಿದ್ರೆ 5 × 6 = 1 + K, ಗಡಿ 29. ಗೇನ್ 30 ದಾಟಿಸಿದ ಮೇಲೆ ಮುಳ್ಳು ತೂಗೋಕೆ ಶುರುವಾಯ್ತು.