ಹಾಜರಿ ಪುಸ್ತಕದ ಫೋಟೊ ನೋಡಿ ಶೇಕಡಾ ಲೆಕ್ಕ: ಮಳೆ ರಜೆ ಬಂದ ಜುಲೈ ತಿಂಗಳದ್ದು

ಪ್ರಶ್ನೆ: ಮಗಳು ಹೊಸನಗರದ ಕಡೆ ಹೈಸ್ಕೂಲಲ್ಲಿ ಹತ್ತನೇ ಕ್ಲಾಸು. ಕ್ಲಾಸ್ ಟೀಚರ್ ಜುಲೈ ಹಾಜರಿ ಪುಟದ ಫೋಟೊ ಕಳಿಸಿದ್ದಾರೆ. 4 ಭಾನುವಾರ, ಮೊಹರಂ, 3 ದಿನ ಮಳೆ ರಜೆ ಇದೆ. ಅವಳ ಸಾಲಲ್ಲಿ 5 A. 31ರಲ್ಲಿ 5 ಕಳೆದು ನನಗೆ 83.87 ಬಂತು, ಟೀಚರ್ 78 ಅಂತಾರೆ. ಯಾರದ್ದು ಸರಿ?

ಟೀಚರದ್ದೇ ಸರಿ. ಭಾಗಿಸುವಾಗ ಕೆಳಗೆ ಹಾಕಬೇಕಾದ್ದು ಶಾಲೆ ನಡೆದ ದಿನ, ಕ್ಯಾಲೆಂಡರಿನ ದಿನ ಅಲ್ಲ. 31ರಲ್ಲಿ 4 ಭಾನುವಾರ, 1 ಮೊಹರಂ, 3 ಮಳೆ ರಜೆ ತೆಗೆದರೆ ಉಳಿಯೋದು 23. ಅದರಲ್ಲಿ 5 ಗೈರು ಹೋದರೆ ಹಾಜರಿ 18. 18ನ್ನು 23ರಿಂದ ಭಾಗಿಸಿದರೆ ಶೇ 78.26. ನಿಮ್ಮ ಲೆಕ್ಕದಲ್ಲಿ ಎಂಟು ರಜೆಗಳೂ ಅವಳ ಹಾಜರಿಗೆ ಸೇರಿಬಿಟ್ಟಿವೆ, ಅದಕ್ಕೇ ಜಾಸ್ತಿ ಬಂದಿದೆ.

ಆದರೆ ಆ 5 ನಿಜವಾಗಿ 5 ಹೌದೋ ಅಂತ ಒಮ್ಮೆ ನೋಡಿಕೊಳ್ಳಿ. ಫೋಟೊದಲ್ಲಿ ಮೋಸ ಹೋಗೋದು ಅಲ್ಲೇ. ಪುಸ್ತಕವನ್ನು ಓರೆಯಾಗಿ ಹಿಡಿದು ತೆಗೆದ ಫೋಟೊದಲ್ಲಿ ಹೆಸರಿನ ಸಾಲು ಬಲಕ್ಕೆ ಹೋಗ್ತಾ ಹೋಗ್ತಾ ಮೇಲಕ್ಕೋ ಕೆಳಕ್ಕೋ ಜಾರುತ್ತೆ, 20ನೇ ತಾರೀಖಿನ ಹೊತ್ತಿಗೆ ಕಣ್ಣು ಪಕ್ಕದ ಹುಡುಗಿಯ ಸಾಲಲ್ಲಿರುತ್ತೆ. ಮೊಬೈಲಲ್ಲಿ ಫೋಟೊ ಎಡಿಟ್ ತೆರೆದು ಮೊದಲು ನೆಟ್ಟಗೆ ತಿರುಗಿಸಿ, ಆಮೇಲೆ ಅವಳ ಸಾಲಿನ ಕೆಳಗೆ ಹೆಸರಿನಿಂದ ಕೊನೆಯ ಕಾಲಂವರೆಗೆ ಒಂದು ಗೆರೆ ಎಳೆದುಕೊಳ್ಳಿ. ಪುಸ್ತಕದ ನಡುವಿನ ಮಡಿಕೆಯಲ್ಲಿ ಒಂದೆರಡು ತಾರೀಖು ಮುಚ್ಚಿಹೋಗಿರೋದೂ ಉಂಟು. ಮೇಲಿನ ತಾರೀಖುಗಳನ್ನು 1ರಿಂದ 31ರವರೆಗೆ ಬೆರಳಿಟ್ಟು ಓದಿ. ನಡುವೆ ಒಂದು ಹಾರಿದ್ದರೆ ಆ ಭಾಗದ ಇನ್ನೊಂದು ಫೋಟೊ ಕೇಳಿ.

ರಜೆ ಕಾಲಂ ಇನ್ನೊಂದು ತೊಡಕು. "ಭಾನುವಾರ", "ಮಳೆ ರಜೆ" ಅಂತ ಮೇಲಿಂದ ಕೆಳಗೆ ಒಂದೊಂದೇ ಅಕ್ಷರ ಬರೆದಿರ್ತಾರೆ. ಒಂದೇ ಸಾಲನ್ನು ಕ್ರಾಪ್ ಮಾಡಿ ನೋಡಿದರೆ ನಿಮ್ಮ ಮಗಳ ಸಾಲಿನ ಆ ಚೌಕದ ಮನೆಯಲ್ಲಿ "ನು" ಅಂತಲೋ "ರ" ಅಂತಲೋ ಮಾತ್ರ ಕಾಣುತ್ತೆ, ಅದು ಗೈರಿನ ಗುರುತಿನ ಹಾಗೇ ಇರುತ್ತೆ. ಹಾಗಾಗಿ ಕಾಲಂಗಳನ್ನು ಮೊದಲು ಮೇಲಿಂದ ಕೆಳಗೆ ಓದಿ ರಜೆ ದಿನಗಳನ್ನು ಬೇರೆ ಮಾಡಿ, ಆಮೇಲೆ ಸಾಲು ಓದಿ. ಮಲೆನಾಡಿನ ಶಾಲೆಗಳಿಗೆ ಇನ್ನೂ ಎರಡು ಸಂಗತಿ ಇವೆ. ಮಳೆ ರಜೆಯ ಸುದ್ದಿ ಬೆಳಿಗ್ಗೆ ತಡವಾಗಿ ಬಂದ ದಿನ ನಾಲ್ಕೈದು ಮಕ್ಕಳ ಹಾಜರಿ ಹಾಕಿ ಆಮೇಲೆ ಕೆಂಪು ಗೆರೆ ಹೊಡೆದಿರಬಹುದು. ಗೆರೆ ಇದ್ದರೆ ಅದು ರಜೆಯೇ. ಕಳೆದುಹೋದ ಪಾಠಕ್ಕೆ ಬದಲಾಗಿ ಭಾನುವಾರ ಶಾಲೆ ನಡೆಸಿದ್ದರೆ ಆ ಕಾಲಂನಲ್ಲಿ ಎಲ್ಲರಿಗೂ ಗುರುತು ಇರುತ್ತೆ, ಅದನ್ನು ಶಾಲೆ ನಡೆದ ದಿನ ಅಂತಲೇ ಎಣಿಸಬೇಕು. ಶನಿವಾರ ಮಧ್ಯಾಹ್ನ ಮುಂದುವರಿಸಿದ್ದರೆ ಹೊಸ ದಿನ ಸೇರೋದಿಲ್ಲ.

ಮಳೆಗಾಲದ ಥಂಡಿಗೆ ಇಂಕು ಹರಡಿ P ಯಾವುದು A ಯಾವುದು ಗೊತ್ತಾಗದಿದ್ದರೆ ಊಹೆ ಮಾಡಬೇಡಿ, ಪುಟದ ಕೆಳಗೆ ಆ ದಿನದ ಹಾಜರಿ ಒಟ್ಟು ಬರೆದಿದ್ದಾರಾ ನೋಡಿ. ಕ್ಲಾಸಲ್ಲಿ 34 ಮಕ್ಕಳು, 11ನೇ ತಾರೀಖಿನ ಕೆಳಗೆ 32 ಇದೆ ಅಂತಿಟ್ಟುಕೊಳ್ಳಿ. ಅಂದರೆ ಆ ದಿನ ಇಬ್ಬರು ಗೈರು. ಕಾಲಂನಲ್ಲಿ ಬೇರೆಲ್ಲಾ ಸ್ಪಷ್ಟವಾಗಿದ್ದು ಒಂದೇ A ಕಂಡರೆ, ಮಸಿ ಹರಡಿದ ಆ ಮನೆಯೇ ಎರಡನೆಯದು. ತಿಂಗಳ ನಡುವೆ ಯಾರಾದರೂ ಟಿ.ಸಿ. ತಗೊಂಡಿದ್ದರೆ ಅಥವಾ ಹೊಸದಾಗಿ ಸೇರಿದ್ದರೆ 34 ಬದಲಾಗುತ್ತೆ, ಅದು ಗಮನದಲ್ಲಿರಲಿ.

ಇಡೀ ಕ್ಲಾಸಿನದ್ದು ಬೇಕಿದ್ದರೆ ಎಕ್ಸೆಲ್ ಅಥವಾ ಗೂಗಲ್ ಶೀಟಿಗೆ ಹಾಕಿ. C ಕಾಲಂನಿಂದ AGವರೆಗೆ ಸರಿಯಾಗಿ 31 ಕಾಲಂ ಬರುತ್ತೆ. ಹಾಜರಿಗೆ P, ಗೈರಿಗೆ A, ರಜೆಗೆ H, ಓದಲಾಗದ್ದಕ್ಕೆ X. ಮೊದಲ ಮಗು 5ನೇ ಸಾಲಲ್ಲಿದ್ದರೆ:

```
=COUNTIF(C5:AG5,"P")/(COUNTIF(C5:AG5,"P")+COUNTIF(C5:AG5,"A"))*100
```

ಪಕ್ಕದ ಇನ್ನೊಂದು ಕಾಲಂನಲ್ಲಿ P ಮತ್ತು A ಕೂಡಿಸಿ. ಪ್ರತಿ ಮಗುವಿಗೂ 23 ಬರಬೇಕು. 22 ಬಂದರೆ ಎಲ್ಲೋ ಒಂದು X ಅಥವಾ ಖಾಲಿ ಮನೆ ಉಳಿದಿದೆ, 24 ಬಂದರೆ ರಜೆಯೊಂದು ದಿನವಾಗಿ ಸೇರಿಕೊಂಡಿದೆ. ಖಾಲಿ ಮನೆಯನ್ನು ಹಾಜರಿ ಅಂತ ತಿಳಿಯೋದು ಬೇಡ.

ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಹಾಜರಿ ಹಾಕುವ ಪುಸ್ತಕವಾದರೆ ದಿನ ಬಿಟ್ಟು ಹೊತ್ತು ಎಣಿಸಿ: ಅರ್ಧ ದಿನದ ಶನಿವಾರಕ್ಕೆ ಒಂದು, ಉಳಿದ ದಿನಕ್ಕೆ ಎರಡು. ಆ 23ರಲ್ಲಿ ಅಂಥ 4 ಶನಿವಾರ ಇದ್ದರೆ ಒಟ್ಟು 42 ಹೊತ್ತು.

ಎಸ್ಸೆಸ್ಸೆಲ್ಸಿಗೆ ಬೇಕಾದ ಶೇ 75 ವರ್ಷದ ಲೆಕ್ಕ. ತಿಂಗಳುಗಳ ಶೇಕಡಾವನ್ನು ಕೂಡಿಸಿ ಸರಾಸರಿ ತೆಗೆದರೆ ತಪ್ಪಾಗುತ್ತೆ. ಜುಲೈಯಲ್ಲಿ 23ಕ್ಕೆ 18, ದಸರಾ ರಜೆ ಬಂದ ಅಕ್ಟೋಬರಲ್ಲಿ 12ಕ್ಕೆ 12 ಅಂದುಕೊಳ್ಳಿ. ಸರಾಸರಿ 89.13 ಅನ್ನುತ್ತೆ, ನಿಜವಾದದ್ದು 35ಕ್ಕೆ 30, ಅಂದರೆ 85.71. ಎಲ್ಲಾ ತಿಂಗಳ ಹಾಜರಿ ಒಂದು ಕಡೆ, ಶಾಲೆ ನಡೆದ ದಿನ ಒಂದು ಕಡೆ ಕೂಡಿಸಿ, ಕೊನೆಗೆ ಒಂದೇ ಸಲ ಭಾಗಿಸಿ.